ಬಿಲ್ಲಿನಲ್ಲಿ ಮೊದಲು ಯಾವುದು: ಸರ್ವಿಸ್ ಚಾರ್ಜೋ, ತೆರಿಗೆಯೋ?

ಬೆಂಗಳೂರಿನ ಒಂದು ಎ.ಸಿ. ರೆಸ್ಟೋರೆಂಟಿನಲ್ಲಿ ನಾಲ್ವರು ಊಟ ಮಾಡಿದರು ಎಂದಿಟ್ಟುಕೊಳ್ಳಿ. ಗೋಬಿ ಮಂಚೂರಿ, ರೋಟಿ, ಪನೀರ್ ಮಸಾಲ, ಬಿರಿಯಾನಿ, ಐಸ್‌ಕ್ರೀಂ ಎಲ್ಲ ಸೇರಿ 1,840 ರೂಪಾಯಿ. ಆದರೆ ಕೊಡಬೇಕಾದದ್ದು 2,125. ಈ 285 ರೂಪಾಯಿಯಲ್ಲಿ ಸರ್ಕಾರದ ಪಾಲೆಷ್ಟು, ಹೋಟೆಲಿನವರ ಪಾಲೆಷ್ಟು?

ಸಾಮಾನ್ಯವಾಗಿ ಬಿಲ್ಲು ಹೀಗೆ ಸಾಗುತ್ತದೆ. ಊಟದ ಮೊತ್ತಕ್ಕೆ ಶೇ 10 ಸರ್ವಿಸ್ ಚಾರ್ಜ್, ಅಂದರೆ 184 ರೂಪಾಯಿ. ಒಟ್ಟು 2,024. ಇದರ ಮೇಲೆ ಸಿಜಿಎಸ್‌ಟಿ ಶೇ 2.5, ಎಸ್‌ಜಿಎಸ್‌ಟಿ ಶೇ 2.5, ತಲಾ 50.60. ಕೂಡಿದರೆ 2,125.20. ಪೈಸೆ ಬಿಟ್ಟರೆ 2,125. ಸರ್ವಿಸ್ ಚಾರ್ಜ್‌ಗೂ ತೆರಿಗೆ ಬಿದ್ದಿರುವುದನ್ನು ಗಮನಿಸಿ. ಹೋಟೆಲು ಬಿಲ್ಲಿಗೆ ಸೇರಿಸಿ ವಸೂಲು ಮಾಡುವ ಹಣವನ್ನೂ ಜಿಎಸ್‌ಟಿ ಕಾನೂನು ಊಟದ ಬೆಲೆಯ ಭಾಗವೆಂದೇ ನೋಡುತ್ತದೆ.

ಕೆಲವು ಬಿಲ್ಲುಗಳಲ್ಲಿ ಈ ಕ್ರಮ ತಿರುವುಮುರುವಾಗಿರುತ್ತದೆ. 1,840ಕ್ಕೆ ಮೊದಲು ತೆರಿಗೆ 92 ರೂಪಾಯಿ. ಆದ 1,932ರ ಮೇಲೆ ಶೇ 10 ಸರ್ವಿಸ್ ಚಾರ್ಜ್, 193.20. ಒಟ್ಟು ಮತ್ತೆ 2,125.20! ಶೇಕಡಾ ಲೆಕ್ಕವನ್ನು ಒಂದರ ಮೇಲೊಂದು ಹಾಕಿದಾಗ ಯಾವುದು ಮೊದಲು ಬಂದರೂ ಕೊನೆಯ ಮೊತ್ತ ಬದಲಾಗುವುದಿಲ್ಲ. ಅದಕ್ಕೇ ಒಟ್ಟು ಮೊತ್ತವನ್ನಷ್ಟೇ ನೋಡುವವರಿಗೆ ಈ ತಪ್ಪು ಕಾಣುವುದಿಲ್ಲ. ಗ್ರಾಹಕ ಕೊಟ್ಟದ್ದು ಅಷ್ಟೇ ಆದರೂ ಸರ್ಕಾರಕ್ಕೆ 101.20ರ ಬದಲು 92 ಹೋಯಿತು, ಉಳಿದ 9.20 ಹೋಟೆಲಿನ ಪಾಲಾಯಿತು. ತೆರಿಗೆಯ ಮೇಲೆ ಸರ್ವಿಸ್ ಚಾರ್ಜ್ ಹಾಕುವುದಕ್ಕೆ ಯಾವ ಅರ್ಥವೂ ಇಲ್ಲ.

ಇನ್ನು ಸರ್ವಿಸ್ ಚಾರ್ಜನ್ನು ಕೊಡಲೇಬೇಕೆ? ಬೇಕಿಲ್ಲ. ಅದು ತೆರಿಗೆಯಲ್ಲ. ಹಳೆಯ ಸರ್ವಿಸ್ ಟ್ಯಾಕ್ಸ್ 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗಲೇ ಹೋಯಿತು. ಹೆಸರಿನ ಹೋಲಿಕೆಯಿಂದ ಇಂದಿಗೂ ಹಲವರು ಎರಡನ್ನೂ ಒಂದೇ ಎಂದುಕೊಂಡು ಸುಮ್ಮನೆ ಕೊಡುತ್ತಾರೆ. ಸರ್ವಿಸ್ ಚಾರ್ಜನ್ನಾಗಲಿ, ಬೇರೆ ಹೆಸರಿನಲ್ಲಿ ಅದನ್ನೇ ಆಗಲಿ ತಾನಾಗಿಯೇ ಬಿಲ್ಲಿಗೆ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ಹೋಟೆಲು ಮಾಲೀಕರ ಸಂಘಗಳು ದೆಹಲಿ ಹೈಕೋರ್ಟಿಗೆ ಹೋದವು. 2025ರ ಮಾರ್ಚ್ 28ರಂದು ಕೋರ್ಟು ಮಾರ್ಗಸೂಚಿಯನ್ನೇ ಎತ್ತಿಹಿಡಿಯಿತು. ಸಂಘಗಳು ಮೇಲ್ಮನವಿ ಸಲ್ಲಿಸಿವೆ.

ತೆಗೆಯಿರಿ ಎಂದು ಕೇಳಿದಾಗ ಕೌಂಟರಿನವರು ಸಾಮಾನ್ಯವಾಗಿ ಪೆನ್ನಿನಲ್ಲಿ 184 ಹೊಡೆದುಹಾಕಿ 1,941 ಕೊಡಿ ಎನ್ನುತ್ತಾರೆ. ಅಲ್ಲಿಗೆ ಒಪ್ಪಬೇಡಿ. ಆ 184ರ ಮೇಲೆ ಹಾಕಿದ 9.20 ತೆರಿಗೆ ಬಿಲ್ಲಿನಲ್ಲಿ ಹಾಗೇ ಉಳಿದಿದೆ. ಸರಿಯಾದ ಮೊತ್ತ 1,932. ಹಣ ಸಣ್ಣದೇ ಇರಬಹುದು, ಆದರೆ ಬಿಲ್ಲನ್ನು ಹೊಸದಾಗಿ ತೆಗೆಸಿದರೇ ಲೆಕ್ಕ ಸರಿಹೋಗುವುದು.

ಸಪ್ಲೈಯರ್ ಚೆನ್ನಾಗಿ ನೋಡಿಕೊಂಡಿದ್ದರೆ ಅದೇ 184 ರೂಪಾಯಿಯನ್ನು ಅವರ ಕೈಗೇ ಟಿಪ್ಸ್ ಎಂದು ಕೊಡಿ. ನೀವಾಗಿ ಕೊಟ್ಟ ಟಿಪ್ಸಿಗೆ ಜಿಎಸ್‌ಟಿ ಇಲ್ಲ, ಹಣವೂ ದುಡಿದವರಿಗೇ ಸೇರುತ್ತದೆ. ನನ್ನ ಮಟ್ಟಿಗೆ ಇದೇ ನ್ಯಾಯವಾದ ದಾರಿ. ಶೇಕಡಾ ಲೆಕ್ಕದಲ್ಲಿ ಕೊಡುವವರು ಊಟದ ಮೊತ್ತವನ್ನು ಹಿಡಿಯಲಿ, ತೆರಿಗೆ ಸೇರಿದ ಮೊತ್ತವನ್ನಲ್ಲ. ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಇದ್ದು ಅದನ್ನು ಕೊಟ್ಟಿದ್ದರೆ ಮತ್ತೆ ಟಿಪ್ಸ್ ಕೊಡದಿದ್ದರೂ ಸಂಕೋಚ ಬೇಡ.

ಕ್ರಮ ನಿಜವಾಗಿ ಮೊತ್ತವನ್ನು ಬದಲಿಸುವುದು ರಿಯಾಯಿತಿಯ ವಿಷಯದಲ್ಲಿ. ಹೋಟೆಲೇ 200 ರೂಪಾಯಿ ಬಿಟ್ಟರೆ ಅದನ್ನು ತೆರಿಗೆಗೆ ಮೊದಲೇ ಕಳೆಯಬೇಕು: 1,640ಕ್ಕೆ ಶೇ 5 ಸೇರಿ 1,722. ತೆರಿಗೆ ಹಾಕಿ ಆಮೇಲೆ ಕಳೆದರೆ 1,732 ಆಗುತ್ತದೆ. ಬ್ಯಾಂಕೋ ಪಾವತಿ ಆ್ಯಪೋ ತನ್ನ ಕಡೆಯಿಂದ ಕೊಡುವ ರಿಯಾಯಿತಿ ಮಾತ್ರ ಕೊನೆಯಲ್ಲಿ ಕಳೆಯುವುದೇ ಸರಿ, ಅಲ್ಲಿ ಊಟದ ಬೆಲೆ ಇಳಿದಿರುವುದಿಲ್ಲ.

ತೆರಿಗೆಯ ದರವನ್ನೂ ಒಮ್ಮೆ ನೋಡಿ. ಹೊರಗಿನ ಹೋಟೆಲುಗಳಲ್ಲಿ ಶೇ 5, ದುಬಾರಿ ಬಾಡಿಗೆಯ ಕೋಣೆಗಳಿರುವ ದೊಡ್ಡ ಹೋಟೆಲಿನೊಳಗಿನ ರೆಸ್ಟೋರೆಂಟುಗಳಲ್ಲಿ ಶೇ 18. ಮದ್ಯ ಜಿಎಸ್‌ಟಿಯಿಂದ ಹೊರಗೆ. ಕರ್ನಾಟಕದಲ್ಲಿ ಜಿಎಸ್‌ಟಿ ಸಂಖ್ಯೆ 29ರಿಂದ ಶುರುವಾಗುತ್ತದೆ. ಕಾಂಪೊಸಿಷನ್ ಪದ್ಧತಿಯಲ್ಲಿರುವ ಸಣ್ಣ ಹೋಟೆಲುಗಳು ಗ್ರಾಹಕರಿಂದ ತೆರಿಗೆ ವಸೂಲು ಮಾಡುವಂತೆಯೇ ಇಲ್ಲ.

ಕೇಳಿದರೂ ಸರ್ವಿಸ್ ಚಾರ್ಜ್ ತೆಗೆಯಲು ಒಪ್ಪದಿದ್ದರೆ ಬಿಲ್ಲನ್ನು ಜೋಪಾನವಾಗಿಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ.