‘ಲಾಗಿದೆ’, ‘ಲಾಗಿದೆ’, ‘ಲಾಗಿದೆ’: ಒಂದು ಪ್ಯಾರಾ ರಿಪೇರಿಯ ಕಥೆ

ಕೆಲವು ವರ್ಷಗಳ ಹಿಂದೆ ಮೈಸೂರಿನ ದೇವರಾಜ ಮಾರುಕಟ್ಟೆ ಬಗ್ಗೆ ನಾನೊಂದು ಲೇಖನ ಬರೆದಿದ್ದೆ. ಕಟ್ಟಡ ಕೆಡವಬೇಕೋ ಉಳಿಸಬೇಕೋ ಅನ್ನುವ ಜಗಳ ಆಗ ಜೋರಾಗಿತ್ತು. ವಿಷಯ ಬಿಸಿಯಾಗಿದ್ದರೂ ನನ್ನ ಪ್ಯಾರಾ ಮಾತ್ರ ತಣ್ಣಗೆ ಮಲಗಿತ್ತು. ಮೊದಲ ಕರಡು ಹೀಗಿತ್ತು:

‘ದೇವರಾಜ ಮಾರುಕಟ್ಟೆಯು ಮೈಸೂರಿನ ಹೃದಯಭಾಗದಲ್ಲಿರುವ ಪಾರಂಪರಿಕ ಕಟ್ಟಡವಾಗಿದೆ. ಈ ಮಾರುಕಟ್ಟೆಯಲ್ಲಿ ನೂರಾರು ವ್ಯಾಪಾರಿಗಳು ಅಂಗಡಿಗಳನ್ನು ನಡೆಸುತ್ತಿದ್ದಾರೆ. ಈ ಕಟ್ಟಡದ ದುರಸ್ತಿ ಕಾಮಗಾರಿಯನ್ನು ಪಾಲಿಕೆಯಿಂದ ಕೈಗೊಳ್ಳಲಾಗಿತ್ತು. ಈ ಸಂದರ್ಭದಲ್ಲಿ 2016ರ ಆಗಸ್ಟ್‌ನಲ್ಲಿ ಕಟ್ಟಡದ ಒಂದು ಭಾಗವು ಕುಸಿದಿತ್ತು. ಈ ಘಟನೆಯ ನಂತರ ತಜ್ಞರ ಸಮಿತಿಯಿಂದ ವರದಿಯನ್ನು ಪಡೆಯಲಾಗಿದೆ. ಮತ್ತು ಕಟ್ಟಡವನ್ನು ಕೆಡವಿ ಹೊಸದಾಗಿ ಕಟ್ಟಲು ನಿರ್ಧರಿಸಲಾಗಿದೆ. ಈ ನಿರ್ಧಾರಕ್ಕೆ ವ್ಯಾಪಾರಿಗಳಿಂದ ವಿರೋಧವು ವ್ಯಕ್ತವಾಗಿದೆ.’

ವ್ಯಾಕರಣದ ತಪ್ಪು ಒಂದೂ ಇಲ್ಲ. ಆದರೂ ಮೂರನೇ ವಾಕ್ಯಕ್ಕೆ ಬರುವಷ್ಟರಲ್ಲಿ ಕಣ್ಣು ಜಾರುತ್ತದೆ. ಯಾಕೆ ಅಂತ ತಿಳಿಯಲು ನಾನು ಮಾಡಿದ್ದು ಎಂಜಿನಿಯರಿಂಗ್ ಓದಿದವರ ಹಳೇ ಚಾಳಿ: ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆದು, ಪ್ರತಿ ವಾಕ್ಯದ ಮೊದಲ ಪದ, ಕೊನೆಯ ಪದ, ಒಟ್ಟು ಪದಗಳ ಸಂಖ್ಯೆ ಬರೆದೆ. ಪದಗಳ ಲೆಕ್ಕ 6, 6, 6, 8, 7, 6, 5. ಏಳರಲ್ಲಿ ಐದು ವಾಕ್ಯ ‘ಈ’ಯಿಂದ ಶುರು. ನಾಲ್ಕು ವಾಕ್ಯ ‘ಆಗಿದೆ’ ಅಥವಾ ‘ಲಾಗಿದೆ’ ಅಂತ ಮುಗಿದಿವೆ, ಇನ್ನೊಂದು ಅದರದ್ದೇ ತಮ್ಮ ‘ಲಾಗಿತ್ತು’.

ಬರವಣಿಗೆಯ ಬಗ್ಗೆ ಇಂಗ್ಲಿಷಿನಲ್ಲಿ ಸಿಗುವ ಸಲಹೆ ಸಾಮಾನ್ಯವಾಗಿ ‘ಉದ್ದ ವಾಕ್ಯದ ಪಕ್ಕ ಗಿಡ್ಡ ವಾಕ್ಯ ಇಡಿ’ ಅನ್ನುವುದು. ಕನ್ನಡದಲ್ಲಿ ಅದಷ್ಟೇ ಸಾಲದು. ನಮ್ಮಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ನಿಲುಗಡೆ ಬೀಳುವುದೂ ಅಲ್ಲೇ. ಹಾಗಾಗಿ ವಾಕ್ಯಗಳು ಉದ್ದ, ಗಿಡ್ಡ ಹೇಗೇ ಇರಲಿ, ಕೊನೆಯಲ್ಲಿ ಒಂದೇ ಸದ್ದು ಮತ್ತೆ ಮತ್ತೆ ಬಿದ್ದರೆ ಕಿವಿಗೆ ಕೇಳಿಸುವುದು ಅದೊಂದೇ. ಕನ್ನಡ ಪ್ಯಾರಾದ ಏಕತಾನತೆಯನ್ನು ಮೊದಲು ಹುಡುಕಬೇಕಾದದ್ದು ವಾಕ್ಯದ ಬಾಲದಲ್ಲಿ.

ಬಾಲ ಬದಲಿಸಲು ನಮ್ಮ ಭಾಷೆಯಲ್ಲಿ ದಾರಿಗಳು ಬೇಕಾದಷ್ಟಿವೆ. ‘ಕಟ್ಟಡವಾಗಿದೆ’ ಅನ್ನುವ ಬದಲು ‘ಅದು ಪಾರಂಪರಿಕ ಕಟ್ಟಡ’ ಎಂದು ಕ್ರಿಯಾಪದವೇ ಇಲ್ಲದೆ ನಿಲ್ಲಿಸಬಹುದು. ಇದು ಶುದ್ಧ ಕನ್ನಡದ ಜಾಯಮಾನ, ‘ಆಗಿದೆ’ ಅಲ್ಲಿಗೆ ಬಂದದ್ದು ಬಹುಮಟ್ಟಿಗೆ ಇಂಗ್ಲಿಷಿನ ಅನುವಾದದಿಂದ. ‘ವಿರೋಧವು ವ್ಯಕ್ತವಾಗಿದೆ’ ಅನ್ನುವುದನ್ನು ‘ಒಪ್ಪಲಿಲ್ಲ’ ಎಂದು ನಿಷೇಧದಲ್ಲಿ ಮುಗಿಸಬಹುದು. ‘ನಿರ್ಧರಿಸಲಾಗಿದೆ’ ಅನ್ನುವುದನ್ನು ‘ನಿರ್ಧರಿಸಿದ್ದು ಇಂಥವರು’ ಎಂದು ತಿರುಗಿಸಿದರೆ ಕರ್ತೃ ಕೊನೆಗೆ ಬಂದು ನಿಲ್ಲುತ್ತಾನೆ.

ಆ ಕೊನೇ ಬದಲಾವಣೆ ಮಾಡಲು ಹೋದಾಗಲೇ ನಾನು ಸಿಕ್ಕಿಬಿದ್ದದ್ದು. ನಿರ್ಧರಿಸಿದ್ದು ಯಾರು? ಪಾಲಿಕೆಯೋ, ಸರ್ಕಾರವೋ, ಸಮಿತಿಯೋ? ನನ್ನ ಟಿಪ್ಪಣಿ ಪುಸ್ತಕದಲ್ಲಿ ಇರಲಿಲ್ಲ. ಪತ್ರಿಕಾ ಪ್ರಕಟಣೆಯಲ್ಲಿ ‘ಲಾಗಿದೆ’ ಅಂತಿತ್ತು, ನಾನೂ ‘ಲಾಗಿದೆ’ ಅಂತ ಇಳಿಸಿಕೊಂಡಿದ್ದೆ. ಪ್ರಕಟಣೆ ಬರೆದವರಿಗೆ ಯಾರ ಹೆಸರೂ ಹೇಳದೆ ಕೆಲಸ ಮುಗಿಸುವ ಅಗತ್ಯ ಇರಬಹುದು, ನನಗೆ ಇರಲಿಲ್ಲ. ಲಯ ಸರಿಮಾಡಲು ಕೂತವನು ನಾಲ್ಕು ಫೋನ್ ಮಾಡಬೇಕಾಯಿತು.

ನಂತರದ ಎರಡು ಪ್ರಯತ್ನಗಳೂ ಕೆಟ್ಟವು. ಮೊದಲನೆಯದರಲ್ಲಿ ಎಲ್ಲವನ್ನೂ ಕತ್ತರಿಸಿದೆ: ‘ದೇವರಾಜ ಮಾರುಕಟ್ಟೆ. ಹಳೆಯ ಕಟ್ಟಡ. 2016ರ ಆಗಸ್ಟ್. ದುರಸ್ತಿ ನಡೆದಿತ್ತು. ಒಂದು ಭಾಗ ಕುಸಿಯಿತು.’ ಟಿವಿಯ ಕ್ರೈಮ್ ಕಾರ್ಯಕ್ರಮದ ಹಿನ್ನೆಲೆ ಧ್ವನಿ ಹಾಗೆ. ಗಿಡ್ಡ ವಾಕ್ಯಗಳ ಸಾಲೂ ಒಂದು ಏಕತಾನವೇ. ಜೊತೆಗೆ ವಾಕ್ಯಗಳ ನಡುವಿನ ಸಂಬಂಧವೆಲ್ಲ ಉದುರಿಹೋಗಿ, ಯಾವುದು ಯಾವುದಕ್ಕೆ ಕಾರಣ ಅನ್ನುವುದನ್ನು ಓದುಗರೇ ಊಹಿಸಬೇಕಾಗುತ್ತದೆ.

ಎರಡನೆಯದರಲ್ಲಿ ಎಲ್ಲವನ್ನೂ ಹೊಲಿದೆ: ‘ನೂರಾರು ವ್ಯಾಪಾರಿಗಳು ಅಂಗಡಿ ನಡೆಸುವ, ಪಾಲಿಕೆ ದುರಸ್ತಿ ಮಾಡಿಸುತ್ತಿದ್ದ, 2016ರ ಆಗಸ್ಟ್‌ನಲ್ಲಿ ಒಂದು ಭಾಗ ಕುಸಿದ ದೇವರಾಜ ಮಾರುಕಟ್ಟೆಯನ್ನು...’ ಇಲ್ಲಿಗೇ ಉಸಿರು ಮುಗಿಯಿತು. ಕನ್ನಡದಲ್ಲಿ ವಿಶೇಷಣ ನಾಮಪದಕ್ಕಿಂತ ಮುಂಚೆ ಬರುತ್ತದೆ. ‘ನಡೆಸುವ’, ‘ಮಾಡಿಸುತ್ತಿದ್ದ’, ‘ಕುಸಿದ’ ಇವೆಲ್ಲ ಯಾವುದರ ಬಗ್ಗೆ ಅಂತ ಗೊತ್ತಾಗುವ ಮೊದಲೇ ಓದುಗರು ಅವನ್ನು ತಲೆ ಮೇಲೆ ಹೊತ್ತು ನಿಲ್ಲಬೇಕು. ಒಂದಾದರೆ ಹಗುರ. ಎರಡನ್ನು ಹೊರಬಹುದು. ಮೂರನೆಯದು ಬಂದಾಗ ಮೊದಲನೆಯದು ಮರೆತಿರುತ್ತದೆ. ಪರೀಕ್ಷೆ ಸುಲಭ, ಜೋರಾಗಿ ಓದಿ. ಕ್ರಿಯಾಪದ ಮುಟ್ಟುವ ಮುಂಚೆ ಎಲ್ಲಿ ಉಸಿರೆಳೆದುಕೊಳ್ಳುತ್ತೀರೋ ಅಲ್ಲಿ ವಾಕ್ಯ ಒಡೆಯಬೇಕು. ಪದ ಎಣಿಸುವುದು ಅಂದಾಜಿಗಷ್ಟೇ. ‘ಮಾಡಬೇಕಾಗಿರುವುದರಿಂದ’ ಒಂದು ಪದ, ‘ಬಾ’ ಕೂಡ ಒಂದು ಪದ.

ವಾಕ್ಯದ ಆರಂಭದ ವಿಷಯಕ್ಕೆ ಬಂದರೆ, ‘ಈ’ ಯಾಕೆ ಐದು ಸಲ ಬಂತು ಅನ್ನುವುದೇ ಮುಖ್ಯ. ನನ್ನ ವಾಕ್ಯಗಳು ಒಂದೊಂದೂ ಬಿಡಿ ಚೀಟಿಯಂತಿದ್ದವು. ಪ್ರತಿಯೊಂದೂ ಹಿಂದಿನ ಚೀಟಿಯ ಕಡೆ ಬೆರಳು ತೋರಿಸಿ ‘ಈ ಕಟ್ಟಡ’, ‘ಈ ಘಟನೆ’ ಅಂತಲೇ ಬಾಯಿ ಬಿಡಬೇಕಿತ್ತು. ಇಲ್ಲಿ ‘ಈ’ ತೆಗೆದು ‘ಸದರಿ’ ಅಂತ ಹಾಕಿದರೆ ಕಚೇರಿಯ ಕಡತವಾಗುತ್ತದೆ ಅಷ್ಟೇ. ನಮಗಿರುವ ನಿಜವಾದ ಅನುಕೂಲ ವಿಭಕ್ತಿ ಪ್ರತ್ಯಯ. ‘ಪಾಲಿಕೆ ಮಾರುಕಟ್ಟೆಯನ್ನು ದುರಸ್ತಿ ಮಾಡಿಸುತ್ತಿತ್ತು’ ಅಂದರೂ ‘ಮಾರುಕಟ್ಟೆಯನ್ನು ಪಾಲಿಕೆ ದುರಸ್ತಿ ಮಾಡಿಸುತ್ತಿತ್ತು’ ಅಂದರೂ ಯಾರು ಯಾರಿಗೆ ಏನು ಮಾಡಿದರು ಅನ್ನುವುದು ಗೊಂದಲವಾಗದು, ‘ಅನ್ನು’ ಕಾವಲಿರುತ್ತದೆ. ಬದಲಾಗುವುದು ಒತ್ತು. ಹಿಂದಿನ ವಾಕ್ಯದಿಂದ ಓದುಗರಿಗೆ ಗೊತ್ತಿರುವುದನ್ನು ಮೊದಲಿಗಿಟ್ಟು, ಹೊಸದನ್ನು ಕ್ರಿಯಾಪದದ ಹತ್ತಿರಕ್ಕೆ ತಂದರೆ, ಆರಂಭದ ಪದಗಳು ತಾವಾಗಿಯೇ ಬೇರೆ ಬೇರೆಯಾಗುತ್ತವೆ.

ಇನ್ನು ಜೋಡಣೆ. ‘ಮತ್ತು’ವಿನಿಂದ ವಾಕ್ಯ ಶುರು ಮಾಡುವುದು ಮಹಾಪರಾಧವೇನಲ್ಲ, ಆದರೆ ಅದು ಏನನ್ನೂ ಹೇಳುವುದಿಲ್ಲ. ಕನ್ನಡದ ಗಟ್ಟಿ ಜೋಡಣೆ ಇರುವುದು ಬಿಡಿ ಪದಗಳಿಗಿಂತ ಹೆಚ್ಚಾಗಿ ಕ್ರಿಯಾಪದದ ಒಳಗೇ. ಒಂದೇ ಸಂಗತಿಯನ್ನು ನೋಡಿ:

‘ದುರಸ್ತಿ ನಡೆಯುತ್ತಿದ್ದಾಗ ಒಂದು ಭಾಗ ಕುಸಿಯಿತು.’
‘ದುರಸ್ತಿ ನಡೆಯುತ್ತಿದ್ದುದರಿಂದ ಒಂದು ಭಾಗ ಕುಸಿಯಿತು.’
‘ದುರಸ್ತಿ ನಡೆಯುತ್ತಿದ್ದರೂ ಒಂದು ಭಾಗ ಕುಸಿಯಿತು.’
‘ದುರಸ್ತಿ ನಡೆಯುತ್ತಿದ್ದಾಗಲೇ ಒಂದು ಭಾಗ ಕುಸಿಯಿತು.’

ನಾಲ್ಕರ ಉದ್ದವೂ ಹತ್ತಿರಹತ್ತಿರ ಒಂದೇ. ರಾಜಕೀಯ ಮಾತ್ರ ನಾಲ್ಕು ಬಗೆ. ಮೊದಲನೆಯದು ಕಾಲವನ್ನಷ್ಟೇ ಹೇಳುತ್ತದೆ. ಎರಡನೆಯದು ಕಾಮಗಾರಿಯೇ ಕಾರಣ ಅಂತ ಆರೋಪ ಹೊರಿಸುತ್ತದೆ. ಮೂರನೆಯದರಲ್ಲಿ ಪಾಲಿಕೆ ಕೈಲಾದದ್ದನ್ನು ಮಾಡಿತ್ತು, ಕಟ್ಟಡವೇ ನಿಲ್ಲಲಿಲ್ಲ ಅನ್ನುವ ಸಮಾಧಾನ ಅಡಗಿದೆ. ನಾಲ್ಕನೆಯದು ನೇರವಾಗಿ ಏನೂ ಹೇಳದೆ ಹುಬ್ಬು ಹಾರಿಸುತ್ತದೆ. ಕೆಡವಬೇಕು ಅನ್ನುವವರಿಗೆ ‘ದ್ದರೂ’ ಅನುಕೂಲ, ಉಳಿಸಬೇಕು ಅನ್ನುವವರಿಗೆ ‘ದ್ದುದರಿಂದ’ ಅನುಕೂಲ. ಲಯಕ್ಕೋಸ್ಕರ ವಾಕ್ಯ ಕೂಡಿಸುವಾಗ ನಾವು ಗೊತ್ತಿಲ್ಲದೆಯೇ ಇವುಗಳಲ್ಲಿ ಒಂದನ್ನು ಆರಿಸಿರುತ್ತೇವೆ.

ನಾನು ಆರಿಸಿದ್ದು ನಾಲ್ಕನೆಯದು. ಕಿವಿಗೆ ಚೆನ್ನಾಗಿತ್ತು. ತಿದ್ದಿದ ಪ್ಯಾರಾ ಹೀಗಾಯಿತು:

‘ಹೂವು, ಬಾಳೆಹಣ್ಣು, ತರಕಾರಿ, ಕುಂಕುಮದ ರಾಶಿ ಇಟ್ಟುಕೊಂಡು ನೂರಾರು ವ್ಯಾಪಾರಿಗಳು ಬದುಕುವ ದೇವರಾಜ ಮಾರುಕಟ್ಟೆಯನ್ನು ಪಾಲಿಕೆ ದುರಸ್ತಿ ಮಾಡಿಸುತ್ತಿತ್ತು. ಕೆಲಸ ನಡೆಯುತ್ತಿದ್ದಾಗಲೇ, 2016ರ ಆಗಸ್ಟ್‌ನಲ್ಲಿ, ಧನ್ವಂತರಿ ರಸ್ತೆ ಕಡೆಯ ಭಾಗ ಕುಸಿಯಿತು. ಮುಂದೇನು? ತಜ್ಞರಲ್ಲಿ ಕೆಲವರು ಕೆಡವಿ ಎಂದರು, ಕೆಲವರು ಉಳಿಸಬಹುದು ಎಂದರು. ಪಾಲಿಕೆ ಕೆಡವಿ ಹೊಸದಾಗಿ ಕಟ್ಟುವ ಕಡೆಗೆ ವಾಲಿತು. ವ್ಯಾಪಾರಿಗಳು ಒಪ್ಪಲಿಲ್ಲ.’

ಇದನ್ನು ಡೆಸ್ಕಿನ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ಯಾವ ಪ್ರತಿಯನ್ನೂ ತುಟಿ ಅಲ್ಲಾಡಿಸದೆ ಓದುವವರಲ್ಲ. ಎರಡನೇ ವಾಕ್ಯದಲ್ಲಿ ನಿಂತರು.

‘ಏನಪ್ಪಾ, ಈ “ಲೇ”ಗೆ ನಿನ್ ಹತ್ರ ಸಾಕ್ಷಿ ಇದ್ಯಾ?’

‘ಇಲ್ಲ ಮೇಡಂ, ಓದೋಕೆ ಚೆನ್ನಾಗಿರುತ್ತೆ ಅಂತ...’

‘ಚೆನ್ನಾಗಿರುತ್ತೆ, ಸರಿ. ಕಂಟ್ರಾಕ್ಟರ್ ಫೋನ್ ಮಾಡಿದ್ರೆ ನೀನೇ ಮಾತಾಡು.’

‘ಲೇ’ ಹೋಯಿತು. ಕುಸಿತಕ್ಕೆ ಕಾಮಗಾರಿಯೇ ಕಾರಣ ಅಂತ ತೋರಿಸುವ ದಾಖಲೆ ನನ್ನ ಬಳಿ ಇರಲಿಲ್ಲ, ಹಾಗಾಗಿ ‘ನಡೆಯುತ್ತಿದ್ದಾಗ’ ಅನ್ನುವಷ್ಟಕ್ಕೇ ನನ್ನ ಹಕ್ಕು. ‘ಮುಂದೇನು?’ ಅನ್ನುವುದನ್ನೂ ಹೊಡೆದು ಹಾಕಿದರು. ಒಂದು ಪದದ ಪ್ರಶ್ನೆ ಎಸೆದು ತಾನೇ ಉತ್ತರಿಸಿಕೊಳ್ಳುವುದು ನಮ್ಮಂಥ ಅಂಕಣಕಾರರ ಕಾಯಿಲೆ, ಫೇಸ್‌ಬುಕ್ ಪೋಸ್ಟುಗಳಲ್ಲಿ ಅದೀಗ ಸಾಂಕ್ರಾಮಿಕ.

ಅದು ಹೋದ ಮೇಲೆ ಮತ್ತೆ ಎಣಿಸಿದೆ: 14, 9, 7, 6, 2. ಏಳು ವಾಕ್ಯ ಐದಾಗಿದ್ದವು. ಮಾಹಿತಿ ಕಡಿಮೆಯಾಗಿರಲಿಲ್ಲ, ರಸ್ತೆಯ ಹೆಸರು, ತಜ್ಞರ ಭಿನ್ನಾಭಿಪ್ರಾಯ ಹೊಸದಾಗಿ ಸೇರಿದ್ದವು. ವಾಕ್ಯಗಳು ಮೆಟ್ಟಿಲಿಳಿದಂತೆ ಗಿಡ್ಡವಾಗುತ್ತಾ ಹೋಗಿ ಕೊನೆಗೆ ‘ವ್ಯಾಪಾರಿಗಳು ಒಪ್ಪಲಿಲ್ಲ’ ಅನ್ನುವಲ್ಲಿ ನಿಲ್ಲುತ್ತವೆ. ಕರಡಿನಲ್ಲಿ ‘ವ್ಯಾಪಾರಿಗಳಿಂದ’ ಆಗಿ ಮೂಲೆ ಸೇರಿದ್ದ ಜನ ಇಲ್ಲಿ ಕರ್ತೃವಾಗಿ ಬಂದಿದ್ದಾರೆ. ಆ ಎರಡು ಪದಕ್ಕೆ ತೂಕ ಬಂದದ್ದು ಮೇಲೆ ಹದಿನಾಲ್ಕು ಪದದ ವಾಕ್ಯವೊಂದು ಇರುವುದರಿಂದ. ಅದೂ ಉದ್ದವಿದ್ದರೂ ಭಾರವಾಗಲಿಲ್ಲ, ಯಾಕೆಂದರೆ ಅದರಲ್ಲಿರುವ ವಿಶೇಷಣ ಕ್ರಿಯೆ ‘ಬದುಕುವ’ ಒಂದೇ, ಮಿಕ್ಕಿದ್ದು ಕೈಯಲ್ಲಿ ಮುಟ್ಟಬಹುದಾದ ವಸ್ತುಗಳ ಪಟ್ಟಿ.

ಎಲ್ಲ ‘ಲಾಗಿದೆ’ಯನ್ನೂ ಬೇಟೆಯಾಡಬೇಕು ಅಂತಲ್ಲ. ಯಾರು ಮಾಡಿದರು ಅನ್ನುವುದು ನಿಜವಾಗಿಯೂ ಗೊತ್ತಿಲ್ಲದಿದ್ದಾಗ, ಅಥವಾ ಅದು ಮುಖ್ಯವೇ ಅಲ್ಲದಿದ್ದಾಗ, ಅದು ಪ್ರಾಮಾಣಿಕ ರೂಪ. ‘ರಸ್ತೆ ಮುಚ್ಚಲಾಗಿದೆ’ ಅನ್ನುವ ಬೋರ್ಡಿಗೆ ಕರ್ತೃ ಬೇಕಿಲ್ಲ.

ಆ ಲೇಖನದ ಮುಂದಿನ ಪ್ಯಾರಾಗಳಲ್ಲಿ ನಾನು ಮಾಡಿದ ಎಡವಟ್ಟು ಬೇರೆ. ಮೆಟ್ಟಿಲಿಳಿಯುವ ಆಟ ಹಿಡಿಸಿಬಿಟ್ಟಿತು. ಎರಡನೇ ಪ್ಯಾರಾ ‘ಬಾಡಿಗೆ ಏರಿತು’ ಅಂತ ಮುಗಿಯಿತು, ಮೂರನೆಯದು ‘ಉತ್ತರ ಬರಲಿಲ್ಲ’ ಅಂತ, ನಾಲ್ಕನೆಯದು ‘ಯಾರೂ ಕೇಳಲಿಲ್ಲ’ ಅಂತ. ಪ್ಯಾರಾದೊಳಗಿನ ಏಕತಾನ ತಪ್ಪಿಸಿ ಪ್ಯಾರಾಗಳ ನಡುವೆ ಅದನ್ನೇ ತಂದಿಟ್ಟಿದ್ದೆ. ಮೇಡಂ ಈ ಸಲ ಮಾತಾಡಲಿಲ್ಲ. ನಾಲ್ಕೂ ಬಾಲಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ಹಾಳೆ ವಾಪಸ್ ಕೊಟ್ಟರು. ಮೊದಲನೆಯದನ್ನು ಉಳಿಸಿಕೊಂಡು, ಮಿಕ್ಕ ಮೂರನ್ನು ಅವುಗಳ ಹಿಂದಿನ ವಾಕ್ಯಕ್ಕೆ ಸೇರಿಸಿ ಹೊಲಿದೆ.