ಕೈಯಾರೆ ಕೊಡುವ ಒಂದು ಪುಟದ ಪತ್ರ

ಉದ್ಯೋಗ ಮೇಳದಲ್ಲಿ ಕೊಡುವ ಅರ್ಜಿ ಪತ್ರವನ್ನು ಎರಡು ಸಲ ಓದುತ್ತಾರೆ. ಮೊದಲ ಸಲ ನೀವು ಎದುರಿಗೇ ನಿಂತಿರುತ್ತೀರಿ, ಬೆನ್ನ ಹಿಂದೆ ಸರತಿ ಬೆಳೆಯುತ್ತಿರುತ್ತದೆ, ಮಳಿಗೆಯಲ್ಲಿ ಕೂತವರ ಕಣ್ಣು ಮೇಲಿನ ನಾಲ್ಕು ಸಾಲುಗಳ ಮೇಲಷ್ಟೇ ಹರಿಯುತ್ತದೆ. ಎರಡನೆಯ ಸಲ ಓದುವುದು ಸಂಜೆ, ಇಲ್ಲವೇ ಮರುದಿನ ಕಚೇರಿಯಲ್ಲಿ. ಆಗ ಅವರಿಗೆ ನಿಮ್ಮ ಮುಖ ನೆನಪಿರುವುದಿಲ್ಲ, ಕಟ್ಟಿನಲ್ಲಿರುವ ಕಾಗದ ಮಾತ್ರ ಉಳಿದಿರುತ್ತದೆ. 2024ರ ಫೆಬ್ರವರಿ 26 ಮತ್ತು 27ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ರಾಜ್ಯ ಸರ್ಕಾರ ನಡೆಸಿದ ಯುವ ಸಮೃದ್ಧಿ ಸಮ್ಮೇಳನದಂಥ ದೊಡ್ಡ ಮೇಳಕ್ಕೂ ತಾಲ್ಲೂಕು ಕಾಲೇಜಿನ ಅಂಗಳದ ಸಣ್ಣ ಮೇಳಕ್ಕೂ ಈ ಮಾತು ಒಂದೇ. ಪತ್ರ ಎರಡೂ ಓದಿಗೆ ಒದಗಬೇಕು.

ನಮ್ಮಲ್ಲಿ ಬಳಕೆಯಲ್ಲಿರುವ ಮಾದರಿ ಒಂದಕ್ಕೂ ಒದಗುವುದಿಲ್ಲ. ಸೈಬರ್ ಸೆಂಟರಿನಲ್ಲಿ ಹೆಸರು ಬದಲಿಸಿ ಮುದ್ರಿಸಿಕೊಡುವ ಆ ಪತ್ರ ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ’ ಎಂದು ಶುರುವಾಗುತ್ತದೆ. ಓದುವವರು ನೋಡುವ ನಾಲ್ಕು ಸಾಲು ಅಲ್ಲಿಗೇ ಮುಗಿದುಹೋಯಿತು. ಯಾವ ಕೆಲಸಕ್ಕೆ ಬಂದವರು, ಏನು ಬಲ್ಲವರು ಎಂಬುದು ಕೆಳಗೆಲ್ಲೋ ಉಳಿಯಿತು.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಐಟಿಐಯಲ್ಲಿ ಟರ್ನರ್ ಕಲಿತು, ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಎರಡು ವರ್ಷ ಸಿಎನ್‌ಸಿ ಲೇತ್ ನಡೆಸಿದ ಯುವಕ ಮೇಳಕ್ಕೆ ಹೊರಟಿದ್ದಾನೆ ಎನ್ನಿ. ‘ಸಿಎನ್‌ಸಿ ಅನುಭವವಿದೆ’ ಎಂದು ಬರೆದರೆ ಓದುವವರಿಗೆ ಏನೂ ತಿಳಿಯದು. ಮಷಿನ್‌ಗೆ ಪೀಸ್ ಹಾಕಿ ಗುಂಡಿ ಒತ್ತುವವರಿಗೂ ಅನುಭವವಿದೆ, ಟೂಲ್ ಕಟ್ಟಿ ಸೆಟ್ಟಿಂಗ್ ಮಾಡುವವರಿಗೂ ಇದೆ. ಕಂಪನಿಗೆ ಬೇಕಾದದ್ದು ಇವರಿಬ್ಬರಲ್ಲಿ ಯಾರು ಎಂಬುದರ ಮೇಲೆ ಸಂಬಳವೂ ನಿಲ್ಲುತ್ತದೆ. ಹಾಗಾಗಿ ಪತ್ರದ ಮೊದಲ ಭಾಗ ಹೀಗಿರಲಿ:

‘ಮಾನ್ಯರೇ, ಸಿಎನ್‌ಸಿ ಲೇತ್ ಸೆಟ್ಟರ್–ಆಪರೇಟರ್ ಕೆಲಸಕ್ಕೆ ಬಂದಿದ್ದೇನೆ. ಐಟಿಐ ಟರ್ನರ್, ಎರಡು ವರ್ಷ ಕೆಲಸ ಮಾಡಿದ್ದೇನೆ. 25 ಮಿ.ಮೀ. ಶಾಫ್ಟ್‌ಗಳನ್ನು 0.02 ಮಿ.ಮೀ. ಒಳಗಿನ ಅಳತೆಗೆ ತೆಗೆಯುತ್ತಿದ್ದೆ. ಟೂಲ್ ಬದಲಿಸಿದ ಮೇಲೆ ಮೊದಲ ಪೀಸನ್ನು ಮೈಕ್ರೊಮೀಟರ್‌ನಲ್ಲಿ ಅಳೆದು ಆಫ್‌ಸೆಟ್ ತಿದ್ದುತ್ತೇನೆ. ಪ್ರೋಗ್ರಾಂ ಸ್ವತಃ ಬರೆಯಲು ಇನ್ನೂ ಬಾರದು.’

ಕೊನೆಯ ಸಾಲನ್ನು ಬಿಡಬೇಕೆಂದು ಹಲವರಿಗೆ ಅನಿಸುತ್ತದೆ. ಬಿಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬಾರದ್ದನ್ನು ಹೇಳಿದವನು ಬರುತ್ತದೆ ಎಂದು ಹೇಳಿದ್ದನ್ನು ಎದುರಿಗಿರುವ ಮೇಲ್ವಿಚಾರಕರು ನಂಬುತ್ತಾರೆ. ಅಲ್ಲದೆ ಅವರ ಮೊದಲ ಪ್ರಶ್ನೆ ಈ ಸಾಲುಗಳಿಂದಲೇ ಹುಟ್ಟುತ್ತದೆ: ‘ಮೊದಲ ಪೀಸ್ 25.03 ಬಂದರೆ ಏನು ಮಾಡ್ತೀಯಪ್ಪಾ?’ ಎರಡು ವರ್ಷ ದಿನವೂ ಮಾಡಿದ ಕೆಲಸ, ಉತ್ತರ ತಡವರಿಸದೆ ಬರುತ್ತದೆ. ಕೈಗೆ ಕೊಡುವ ಪತ್ರಕ್ಕೂ ಅಂಚೆಯಲ್ಲಿ ಹೋಗುವ ಪತ್ರಕ್ಕೂ ಇರುವ ದೊಡ್ಡ ಅಂತರ ಇದೇ. ಬರೆದ ಪ್ರತಿ ಸಾಲಿಗೂ ಅರೆ ನಿಮಿಷದೊಳಗೆ ಬಾಯಿಂದ ಉತ್ತರ ಕೊಡಬೇಕಾಗುತ್ತದೆ. ಇಂಗ್ಲಿಷ್‌ನಲ್ಲಿ ಮಾತಾಡಲು ಬಾರದಿದ್ದರೆ ಬೇರೆಯವರಿಂದ ಇಂಗ್ಲಿಷ್ ಪತ್ರ ಬರೆಸಿಕೊಂಡು ಹೋಗಬಾರದು ಎನ್ನುವುದೂ ಇದಕ್ಕೇ. ಸರಳ ಕನ್ನಡದ ಪತ್ರ ಹಿಡಿದವರು ಕನ್ನಡದಲ್ಲೇ ಮಾತು ಮುಂದುವರಿಸಬಹುದು.

ಪತ್ರದ ಉಳಿದ ಭಾಗ ಸಂಜೆಯ ಓದಿಗೆ. ರಾತ್ರಿ ಪಾಳಿಗೆ ಒಪ್ಪಿಗೆಯೇ, ಊರು ಬಿಟ್ಟು ಬರಲು ಸಿದ್ಧವೇ, ಈಗಿನ ಕೆಲಸ ಬಿಟ್ಟು ಯಾವ ದಿನ ಸೇರಬಹುದು, ಈಗಿನ ಸಂಬಳ ಎಷ್ಟು. ಪಟ್ಟಿ ಮಾಡುವವರು ಹುಡುಕುವುದು ಇವನ್ನೇ. ‘ಕೂಡಲೇ ಸೇರುತ್ತೇನೆ’ ಎಂದು ಬರೆದು, ಫೋನ್ ಬಂದಾಗ ಒಂದು ತಿಂಗಳು ಕೇಳಿದರೆ ಹೆಸರು ಅಲ್ಲೇ ಹೊಡೆದುಹೋಗಬಹುದು.

ಬಲಗಡೆ ಎರಡು ಬೆರಳಿನಷ್ಟು ಜಾಗ ಖಾಲಿ ಬಿಡಿ, ಮಾತಾಡುತ್ತಲೇ ಅವರು ಗುರುತು ಹಾಕಿಕೊಳ್ಳುವುದು ಅಲ್ಲಿ. ಹೆಸರು, ಫೋನ್ ಸಂಖ್ಯೆ ಪತ್ರದಲ್ಲೂ ಇರಬೇಕು, ಬಯೋಡೇಟಾದಲ್ಲೂ ಇರಬೇಕು. ಪಿನ್ ಕಿತ್ತು ಹಾಳೆಗಳು ಬೇರೆಯಾಗುವುದುಂಟು. ಕಂಪನಿಯ ಹೆಸರನ್ನು ಮುದ್ರಿಸದೆ ಗೆರೆ ಬಿಟ್ಟು, ಮಳಿಗೆಯ ಫಲಕ ನೋಡಿ ಪೆನ್ನಿನಲ್ಲಿ ತುಂಬಿದರೆ ಒಂದು ಕಂಪನಿಯ ಪತ್ರ ಇನ್ನೊಂದರ ಕೈ ಸೇರುವುದಿಲ್ಲ. ಸಹಿ, ದಿನಾಂಕವೂ ಆಗಲೇ. ಆಧಾರ್, ಬ್ಯಾಂಕ್ ಖಾತೆ ಸಂಖ್ಯೆಗಳನ್ನು ಮಾತ್ರ ಬರೆಯಲೇಬೇಡಿ. ಆ ಕಾಗದ ಎಷ್ಟು ಕೈ ದಾಟುತ್ತದೋ ಹೇಳಲಾಗದು. ಮೇಳದಲ್ಲಿ ಸಿಕ್ಕ ಸಂಖ್ಯೆಗೆ ಕರೆಮಾಡಿ ‘ನೋಂದಣಿ ಶುಲ್ಕ’ ಕೇಳುವ ವಂಚಕರಿಗೆ ಇನ್ನಷ್ಟು ವಿವರ ಒದಗಿಸುವುದು ಬೇಡ.

ಕೊಟ್ಟ ಪ್ರತಿ ಪತ್ರದ ನಕಲು ನಿಮ್ಮ ಬಳಿಯೂ ಇರಲಿ. ಅದರ ಮೇಲೆ ಯಾವ ಮಳಿಗೆ, ಯಾರ ಜೊತೆ ಮಾತಾಡಿದ್ದು, ಏನು ಕೇಳಿದರು ಎಂದು ಅಂದೇ ಬರೆದಿಟ್ಟುಕೊಳ್ಳಿ. ವಾರ ಕಳೆದು ಕರೆ ಬಂದಾಗ ಆ ಕಡೆಯವರು ನಿಮ್ಮ ಪತ್ರ ನೋಡಿಕೊಂಡೇ ಪ್ರಶ್ನೆ ಕೇಳುತ್ತಾರೆ, ಈ ಕಡೆ ನಿಮ್ಮ ಕಣ್ಣೆದುರೂ ಅದೇ ಹಾಳೆ ಇರಬೇಕು.