ಪರಿಚಯ ಪುಸ್ತಿಕೆಯಲ್ಲಿ ಕರ್ತೃವಿಗೆ ಸ್ಥಾನ

1940ರ ದಶಕದ ಆರಂಭದಲ್ಲಿ ಹರಿಹರದಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಸಂಸ್ಥೆಯು ಲೇತ್ ಯಂತ್ರಗಳಿಗೆ ಹೆಸರಾಗಿತ್ತು. ಅಂತಹ ದೊಡ್ಡ ಕಾರ್ಖಾನೆ ಪಕ್ಕದಲ್ಲಿದ್ದಾಗ ಬಿಡಿಭಾಗ ತಯಾರಿಸುವ ಸಣ್ಣ ಘಟಕಕ್ಕೆ ಪರಿಚಯ ಪುಸ್ತಿಕೆಯ ಅಗತ್ಯ ಅಷ್ಟಾಗಿ ಇರುವುದಿಲ್ಲ, ಕೆಲಸವೇ ಪರಿಚಯವಾಗುತ್ತದೆ. ಆ ಕಾರ್ಖಾನೆ ಇಂದಿಲ್ಲ. ದೂರದ ಊರಿನ ಖರೀದಿ ಅಧಿಕಾರಿಯ ಮುಂದೆ ಘಟಕದ ಪರವಾಗಿ ಮಾತನಾಡಬೇಕಾದದ್ದು ಆ ನಾಲ್ಕು ಪುಟಗಳ ಪುಸ್ತಿಕೆಯೇ. ಅದರ ಭಾಷೆ ಹೇಗಿರುತ್ತದೆ ಎಂಬುದಕ್ಕೆ ಮಾದರಿಯಾಗಿ ರಚಿಸಿದ ಒಂದು ವಾಕ್ಯವನ್ನು ಇಲ್ಲಿ ಪರಿಶೀಲಿಸಬಹುದು:

“ಕೈಗಾರಿಕಾ ಕ್ಷೇತ್ರದಲ್ಲಿ ಅತ್ಯಂತ ಹೆಸರುವಾಸಿಯಾಗಿರುವ ನಮ್ಮ ಸಂಸ್ಥೆಯ ವತಿಯಿಂದ ಅತ್ಯಾಧುನಿಕ ತಂತ್ರಜ್ಞಾನದ ಸಹಾಯದಿಂದ ಅತ್ಯುತ್ತಮ ಗುಣಮಟ್ಟದ ಗಿಯರ್ ಹಾಗೂ ಶಾಫ್ಟ್‌ಗಳು ತಯಾರಿಸಲ್ಪಡುತ್ತಿದ್ದು, ಅವುಗಳು ನುರಿತ ಹಾಗೂ ಅನುಭವಿ ತಂತ್ರಜ್ಞರಿಂದ ಎಲ್ಲ ಹಂತಗಳಲ್ಲಿಯೂ ಕೂಲಂಕಷವಾಗಿ ಪರೀಕ್ಷಿಸಲ್ಪಟ್ಟು, ಗ್ರಾಹಕರ ಸಂಪೂರ್ಣ ತೃಪ್ತಿಯನ್ನು ಗಮನದಲ್ಲಿರಿಸಿಕೊಂಡು ನಿಗದಿತ ಸಮಯದೊಳಗೆ ಪೂರೈಸಲಾಗುತ್ತಿದೆ ಎಂಬುದನ್ನು ತಿಳಿಸಲು ಹರ್ಷಿಸುತ್ತೇವೆ.”

ತುಂಬು ಪದಗಳನ್ನು ಗುರುತಿಸುವ ಬಗೆ

ಸಂಸ್ಥೆಯ ಹೆಸರನ್ನು ಬೆರಳಿನಿಂದ ಮುಚ್ಚಿ ವಾಕ್ಯವನ್ನು ಓದಬೇಕು. ಅದು ನೆರೆಯ ಘಟಕಕ್ಕೂ, ದಾವಣಗೆರೆಯ ಮಂಡಕ್ಕಿ ಭಟ್ಟಿಗೂ ಸಮನಾಗಿ ಒಪ್ಪುವುದಾದರೆ ಅಂತಹ ಪದಗಳು ಏನನ್ನೂ ತಿಳಿಸುತ್ತಿಲ್ಲ. ‘ಅತ್ಯಾಧುನಿಕ’, ‘ಅತ್ಯುತ್ತಮ’, ‘ಸಂಪೂರ್ಣ ತೃಪ್ತಿ’, ‘ತಿಳಿಸಲು ಹರ್ಷಿಸುತ್ತೇವೆ’ ಇವೆಲ್ಲವೂ ಈ ಪರೀಕ್ಷೆಯಲ್ಲಿ ಬಿದ್ದುಹೋಗುತ್ತವೆ. ‘ಗಿಯರ್’, ‘ಶಾಫ್ಟ್’ ಎಂಬ ಎರಡು ಪದಗಳು ಮಾತ್ರ ಈ ಘಟಕದ ಸ್ವಂತ ಪದಗಳಾಗಿ ಉಳಿಯುತ್ತವೆ.

ಕರ್ಮಣಿ ಪ್ರಯೋಗ ಮರೆಮಾಡುವುದೇನು?

‘ತಯಾರಿಸಲ್ಪಡುತ್ತಿದ್ದು’, ‘ಪರೀಕ್ಷಿಸಲ್ಪಟ್ಟು’ ಎಂಬ ರೂಪಗಳು ಗಾಂಭೀರ್ಯ ತರುತ್ತವೆ ಎಂಬ ನಂಬಿಕೆ ಸರ್ಕಾರಿ ಸುತ್ತೋಲೆಗಳ ಓದಿನಿಂದ ಬಂದದ್ದು. ವ್ಯಾಕರಣದ ತೊಡಕೂ ಇಲ್ಲಿದೆ. ‘ಅಲ್ಪಡು’ ರೂಪದೊಂದಿಗೆ ವಸ್ತುವು ಪ್ರಥಮಾ ವಿಭಕ್ತಿಯಲ್ಲಿರುತ್ತದೆ: ‘ಶಾಫ್ಟ್‌ಗಳು ತಯಾರಿಸಲ್ಪಡುತ್ತವೆ’. ‘ಲಾಗು’ ರೂಪದೊಂದಿಗೆ ದ್ವಿತೀಯೆಯಲ್ಲಿರುತ್ತದೆ: ‘ಶಾಫ್ಟ್‌ಗಳನ್ನು ಪೂರೈಸಲಾಗುತ್ತದೆ’. ಮಾದರಿ ವಾಕ್ಯವು ಒಂದರಲ್ಲಿ ಆರಂಭವಾಗಿ ಇನ್ನೊಂದರಲ್ಲಿ ಮುಗಿದು ತಪ್ಪಾಗಿದೆ.

ಅದಕ್ಕಿಂತ ಮುಖ್ಯವಾದುದು ಮರೆಯಾದ ಕರ್ತೃ. ವಾಕ್ಯವನ್ನು ಕರ್ತರಿಗೆ ತಿರುಗಿಸಲು ಹೊರಟಾಗ ‘ಮಾಡುವವರು ಯಾರು, ಎಷ್ಟು, ಯಾವಾಗ’ ಎಂಬ ಪ್ರಶ್ನೆಗಳು ತಾವಾಗಿಯೇ ಏಳುತ್ತವೆ. ಗಿಯರ್‌ಗಳ ಹೀಟ್ ಟ್ರೀಟ್‌ಮೆಂಟ್ ತಮ್ಮಲ್ಲಿ ನಡೆಯುತ್ತದೆಯೋ, ಜಾಬ್ ವರ್ಕ್ ಮೂಲಕವೋ? ಪರೀಕ್ಷೆ ಪ್ರತಿ ನಗಕ್ಕೋ, ಬ್ಯಾಚಿನ ಕೆಲವಕ್ಕೋ? ಉತ್ತರವನ್ನು ಪುಸ್ತಿಕೆ ಬರೆಯುವವರು ಊಹಿಸದೆ, ಘಟಕದ ಮೇಲ್ವಿಚಾರಕರಿಂದ ಕೇಳಿ ಪಡೆಯಬೇಕು. ‘ಎಲ್ಲ ಹಂತಗಳಲ್ಲಿಯೂ ಪರೀಕ್ಷಿಸುತ್ತೇವೆ’ ಎಂದು ಯಾಂತ್ರಿಕವಾಗಿ ತಿರುಗಿಸಿದರೆ ಅಸ್ಪಷ್ಟ ಮಾತು ಖಚಿತ ಸುಳ್ಳಾಗಬಹುದು. 1930ರ ಸರಕು ಮಾರಾಟ ಕಾಯಿದೆಯ 15ನೇ ಕಲಮಿನಂತೆ, ವಿವರಣೆಯ ಆಧಾರದಲ್ಲಿ ಮಾರಿದ ಸರಕು ಆ ವಿವರಣೆಗೆ ಹೊಂದಿಕೆಯಾಗಲೇಬೇಕು.

ಮೇಲ್ವಿಚಾರಕರು ನೀಡಿದ ಉತ್ತರಗಳನ್ನು ಸೇರಿಸಿ ತಿದ್ದಿದ ರೂಪ ಹೀಗಿರಬಹುದು:

“ನಮ್ಮ ಸಂಸ್ಥೆಯು 300 ಮಿ.ಮೀ. ವ್ಯಾಸದವರೆಗಿನ ಗಿಯರ್‌ಗಳನ್ನೂ 1 ಮೀಟರ್ ಉದ್ದದವರೆಗಿನ ಶಾಫ್ಟ್‌ಗಳನ್ನೂ ತಯಾರಿಸುತ್ತದೆ. ಹೀಟ್ ಟ್ರೀಟ್‌ಮೆಂಟನ್ನು ಹೊರಗಿನ ಘಟಕದಲ್ಲಿ ಮಾಡಿಸಿ, ಪ್ರತಿ ಬ್ಯಾಚಿನ ಗಡಸುತನವನ್ನು ತನ್ನಲ್ಲಿಯೇ ಪರೀಕ್ಷಿಸುತ್ತದೆ. ತಾವು ನಕ್ಷೆಗೆ ಒಪ್ಪಿಗೆ ನೀಡಿದ 21 ದಿನಗಳೊಳಗೆ ಸರಕನ್ನು ರವಾನಿಸುತ್ತದೆ.”

ಗಾಂಭೀರ್ಯ ಉಳಿಯುವುದು ಎಲ್ಲಿ?

ತಿದ್ದಿದ ರೂಪದಲ್ಲಿ ಔಪಚಾರಿಕತೆ ಕುಂದಿಲ್ಲ. ‘ಸಂಸ್ಥೆಯು’ ಎಂಬ ಕರ್ತೃಪದ, ‘ತಾವು’ ಎಂಬ ಗೌರವವಾಚಕ, ಪೂರ್ಣ ಕ್ರಿಯಾಪದಗಳಿಂದ ಮುಗಿಯುವ ವಾಕ್ಯಗಳು ಅದನ್ನು ಕಾಯುತ್ತವೆ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ‘ಸಂಸ್ಥೆಯು ತಯಾರಿಸುತ್ತದೆ’ ಎಂದು ಆರಂಭಿಸಿ ‘ಪೂರೈಸುತ್ತೇವೆ’ ಎಂದು ಮುಗಿಸಬಾರದು. ‘ಸಂಸ್ಥೆ’ ಅಥವಾ ‘ನಾವು’, ಎರಡರಲ್ಲಿ ಒಂದನ್ನು ಪುಸ್ತಿಕೆಯುದ್ದಕ್ಕೂ ಇಟ್ಟುಕೊಳ್ಳಬೇಕು.

ಕರ್ಮಣಿಯನ್ನು ಸಂಪೂರ್ಣವಾಗಿ ತೊಡೆಯುವುದೂ ಸಲ್ಲದು. ಮಾಡುವವರು ಯಾರೆಂಬುದು ಓದುಗರಿಗೆ ಮುಖ್ಯವಲ್ಲದಿದ್ದಾಗ ಅದು ಉಚಿತ. ‘ಮೊಹರು ಒಡೆದ ಪೊಟ್ಟಣಗಳನ್ನು ಹಿಂಪಡೆಯಲಾಗುವುದಿಲ್ಲ’ ಎಂಬ ಷರತ್ತಿನಲ್ಲಿ ಕರ್ಮಣಿಯು ನಿರಾಕರಣೆಯ ಕಟುತ್ವವನ್ನು ತಗ್ಗಿಸುತ್ತದೆ. ‘ನಾವು ಹಿಂಪಡೆಯುವುದಿಲ್ಲ’ ಎಂದರೆ ಜಗಳದ ಧಾಟಿ ಬರುತ್ತದೆ. ಆದುದರಿಂದ ಷರತ್ತುಗಳ ಪುಟದಲ್ಲಿ ಕರ್ಮಣಿ ಉಳಿಯಲಿ. ಸಾಮರ್ಥ್ಯ, ಪರೀಕ್ಷೆ ಹಾಗೂ ಅವಧಿಯನ್ನು ಹೇಳುವ ಪುಟದಲ್ಲಿ ಕರ್ತೃ ಎದುರಿಗೆ ನಿಲ್ಲಲಿ.